ಕೇರಳದಿಂದ ಸರಕು ತಂದಿರಾ? ಬಿಲ್ಲಿನಲ್ಲಿ ಐಜಿಎಸ್‌ಟಿ ಇದೆಯಾ, ನೋಡಿಕೊಳ್ಳಿ

ವಿರಾಜಪೇಟೆಯವರಿಗೆ ಮೈಸೂರಿಗಿಂತ ಇರಿಟ್ಟಿ ಹತ್ತಿರ. ಕುಟ್ಟದವರಿಗೆ ಮಾನಂದವಾಡಿ ಹತ್ತಿರ, ಕರಿಕೆಯವರಿಗೆ ಪಾಣತ್ತೂರು ಹತ್ತಿರ. ಹಾಗಾಗಿ ಕೊಡಗಿನ ಅಂಗಡಿಗಳಿಗೆ ಹಾರ್ಡ್‌ವೇರ್, ಬಟ್ಟೆ, ಬೇಕರಿ ಸಾಮಾನು, ಎಲೆಕ್ಟ್ರಿಕಲ್ ಸಾಮಾನು ಗಡಿಯಾಚೆಯಿಂದ ಬರುವುದು ಹೊಸತೇನಲ್ಲ. ಇಲ್ಲಿಂದ ಕರಿಮೆಣಸು, ಕಾಫಿ ಪುಡಿ, ಜೇನು ಆ ಕಡೆಗೆ ಹೋಗುವುದೂ ಹೊಸತಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಆದರೆ ಗಡಿ ಬಿಲ್ಲಿನ ಒಳಗೆ ಹಾಗೆಯೇ ಉಳಿದಿದೆ. ಬಿಲ್ಲಿನ ತೆರಿಗೆ ಕಾಲಂ ತಪ್ಪಾದರೆ ಒಟ್ಟು ಮೊತ್ತ ಒಂದು ರೂಪಾಯಿಯೂ ಬದಲಾಗುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ನಷ್ಟ ಗೊತ್ತಾಗುವುದು ತಿಂಗಳ ಕೊನೆಗೆ, ರಿಟರ್ನ್ ಹಾಕುವಾಗ.

ಬಿಲ್ಲು ಕೈಗೆ ಬಂದ ಕೂಡಲೇ ಏನು ನೋಡಬೇಕು, ತಪ್ಪಿದ್ದರೆ ಏನು ಮಾಡಬೇಕು ಎಂಬುದು ಇಲ್ಲಿದೆ.

ಮೂರು ಕಾಲಂ, ಎರಡು ದಾರಿ

ಜಿಎಸ್‌ಟಿ ಬಿಲ್ಲಿನಲ್ಲಿ ಮೂರು ತೆರಿಗೆ ಕಾಲಂ ಇರುತ್ತವೆ: ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ. ವ್ಯಾಪಾರ ರಾಜ್ಯದ ಒಳಗೇ ನಡೆದರೆ ತೆರಿಗೆ ಸಮಪಾಲಾಗಿ ಮೊದಲ ಎರಡು ಕಾಲಂಗೆ ಹೋಗುತ್ತದೆ. ಶೇ 18ರ ಸಾಮಾನಾದರೆ ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9. ಒಂದು ಪಾಲು ಕೇಂದ್ರಕ್ಕೆ, ಇನ್ನೊಂದು ಪಾಲು ಆ ರಾಜ್ಯಕ್ಕೆ. ವ್ಯಾಪಾರ ಒಂದು ರಾಜ್ಯದಿಂದ ಇನ್ನೊಂದಕ್ಕೆ ನಡೆದರೆ ಪೂರ್ತಿ ಶೇ 18 ಐಜಿಎಸ್‌ಟಿ ಕಾಲಂನಲ್ಲೇ ಬರಬೇಕು. ಆ ಹಣ ಕೇಂದ್ರದ ಮೂಲಕ ಹೋಗಿ, ರಾಜ್ಯದ ಪಾಲು ಸರಕು ತಲುಪಿದ ರಾಜ್ಯಕ್ಕೆ ಸಿಗುತ್ತದೆ.

ಒಂದೇ ಬಿಲ್ಲಿನ ಒಂದೇ ಸಾಲಿನಲ್ಲಿ ಮೂರೂ ಕಾಲಂ ತುಂಬಿರಲು ಸಾಧ್ಯವಿಲ್ಲ. ಒಂದೋ ಮೊದಲ ಎರಡು, ಇಲ್ಲವೇ ಮೂರನೆಯದು.

ಇಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯದ ಗಡಿ, ಜಿಲ್ಲೆಯ ಗಡಿಯಲ್ಲ. ಮೈಸೂರು, ಹಾಸನ, ಮಂಗಳೂರು ಎಷ್ಟೇ ದೂರವಿರಲಿ, ಅಲ್ಲಿಂದ ಬಂದ ಬಿಲ್ಲಿಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಮಾಕುಟ್ಟದಿಂದ ಸೇತುವೆ ದಾಟಿದರೆ ಸಿಗುವ ಅಂಗಡಿ ಎಷ್ಟೇ ಹತ್ತಿರವಿರಲಿ, ಅಲ್ಲಿಂದ ಇಲ್ಲಿಗೆ ಬಂದ ಸರಕಿಗೆ ಐಜಿಎಸ್‌ಟಿ.

ಮೊದಲು ನೋಡಬೇಕಾದ್ದು: ಎರಡು ಅಂಕೆ

ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕೆಗಳಿರುತ್ತವೆ. ಮೊದಲ ಎರಡು ಅಂಕೆ ರಾಜ್ಯದ ಕೋಡ್, ನಂತರದ ಹತ್ತು ಆ ವ್ಯಾಪಾರಿಯ ಪ್ಯಾನ್ ನಂಬರು. ಕರ್ನಾಟಕದ ಕೋಡ್ 29, ಕೇರಳದ್ದು 32, ತಮಿಳುನಾಡಿನದು 33. ತಲಶ್ಶೇರಿಯ ಪಕ್ಕದ ಮಾಹೆ ಸುತ್ತಲೂ ಕೇರಳವೇ ಇದ್ದರೂ ಪುದುಚೇರಿಗೆ ಸೇರಿದ್ದು, ಅದರ ಕೋಡ್ 34.

ಬಿಲ್ಲು ಕೊಟ್ಟವರ ನಂಬರಿನ ಮೊದಲ ಎರಡು ಅಂಕೆ ಓದಿ. ಅದು ಸರಕು ಹೊರಟ ಗೋಡೌನಿನ ಅಥವಾ ಕಂಪನಿಯ ಹೆಡ್ ಆಫೀಸಿನ ಕೋಡ್ ಅಲ್ಲ, ಈ ಬಿಲ್ಲು ಯಾವ ನೋಂದಣಿಯ ಕೆಳಗೆ ಬಂದಿದೆ ಎಂಬುದರ ಗುರುತು. ದೊಡ್ಡ ಹೋಲ್‌ಸೇಲ್ ವ್ಯಾಪಾರಿಗಳಿಗೆ ಮೈಸೂರಿನಲ್ಲೊಂದು, ಕೋಝಿಕ್ಕೋಡ್‌ನಲ್ಲೊಂದು ಶಾಖೆ ಇರಬಹುದು. ಹೆಸರು ಒಂದೇ, ಪ್ಯಾನ್ ಒಂದೇ, ಆದರೆ ಜಿಎಸ್‌ಟಿ ನಂಬರು ಬೇರೆ ಬೇರೆ. ಕಳೆದ ಸಲ 29ರ ಬಿಲ್ಲು ಬಂದಿತ್ತು ಅಂತ ಈ ಸಲವೂ ಹಾಗೇ ಇರಬೇಕೆಂದಿಲ್ಲ.

ಸಂಶಯ ಬಂದರೆ www.gst.gov.in ತೆರೆದು `Search Taxpayer` ಎಂಬಲ್ಲಿ ನಂಬರು ಹಾಕಿ. ಲಾಗಿನ್ ಬೇಕಿಲ್ಲ. ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರೆಗ್ಯುಲರೋ ಕಾಂಪೊಸಿಷನ್ನೋ ಎಲ್ಲವೂ ಕಾಣುತ್ತದೆ. ಕಾಂಪೊಸಿಷನ್‌ನವರು ಬಿಲ್ಲಿನಲ್ಲಿ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ಬೇರೆ ರಾಜ್ಯಕ್ಕೆ ಸರಕು ಮಾರುವಂತೆಯೂ ಇಲ್ಲ.

ಎರಡನೆಯದು: ಪೂರೈಕೆಯ ಸ್ಥಳ

ಬಿಲ್ಲಿನಲ್ಲಿ `Place of Supply` ಎಂದು ಒಂದು ಸಾಲು ಇರುತ್ತದೆ. ಅದರ ಪಕ್ಕ ರಾಜ್ಯದ ಹೆಸರು, ಸಾಮಾನ್ಯವಾಗಿ ಕೋಡ್ ಸಹ ಇರುತ್ತದೆ. ಕೊಂಡವರು, ಮಾರಿದವರು ಇಬ್ಬರಿಗೂ ಜಿಎಸ್‌ಟಿ ನಂಬರು ಇದ್ದಾಗ ಮೂಲ ನಿಯಮ ಸರಳ: ಸರಕಿನ ಸಾಗಾಟ ಕೊಂಡವರಿಗೆ ತಲುಪಿ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ಕಣ್ಣೂರಿನಿಂದ ಹೊರಟು ವಿರಾಜಪೇಟೆಯಲ್ಲಿ ಇಳಿದರೆ ಪೂರೈಕೆಯ ಸ್ಥಳ ಕರ್ನಾಟಕ, 29.

ಈಗ ಎರಡು ಅಂಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರಿದವರ ಕೋಡ್ ಮತ್ತು ಪೂರೈಕೆಯ ಸ್ಥಳದ ಕೋಡ್ ಒಂದೇ ಆದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಬೇರೆ ಬೇರೆಯಾದರೆ ಐಜಿಎಸ್‌ಟಿ. ಮಾರಿದವರು 32, ಪೂರೈಕೆ 29 ಅಂದರೆ ಐಜಿಎಸ್‌ಟಿ. ಮಾರಿದವರು 29, ಪೂರೈಕೆ 29 ಅಂದರೆ ಎರಡು ಪಾಲು. ಎಲ್ಲ ಪರಿಶೀಲನೆಯ ಬುಡ ಇದೇ.

ಮೋಸ ಹೋಗುವುದು ಮೂರನೆಯ ರೀತಿಯ ಬಿಲ್ಲಿನಲ್ಲಿ: ಮಾರಿದವರು 32, ಪೂರೈಕೆಯ ಸ್ಥಳವೂ 32, ಆದರೆ ಕೊಂಡವರು ಅಂದರೆ ನೀವು 29. ಬಿಲ್ಲು ನೋಡಲು ಸರಿಯಾಗಿಯೇ ಇರುತ್ತದೆ. ನಿಮ್ಮ ಅಂಗಡಿಯ ಹೆಸರು, ನಿಮ್ಮ ನಂಬರು ಎಲ್ಲ ಇರುತ್ತದೆ. ತೆರಿಗೆ ಮಾತ್ರ ಕೇರಳದ ಲೆಕ್ಕಕ್ಕೆ ಹೋಗಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ವಿರಾಜಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿ ಕಣ್ಣೂರಿನ ಹೋಲ್‌ಸೇಲ್‌ನವರಿಂದ ಪಿವಿಸಿ ಪೈಪು ತರಿಸಿತು ಎಂದಿಟ್ಟುಕೊಳ್ಳಿ. ಪೈಪಿನ ಬೆಲೆ ರೂ. 60,000. ಶೇ 18ರಂತೆ ತೆರಿಗೆ ರೂ. 10,800. ಕೊಟ್ಟ ಹಣ ರೂ. 70,800.

ಸರಿಯಾದ ಬಿಲ್ಲಿನಲ್ಲಿ ಐಜಿಎಸ್‌ಟಿ ರೂ. 10,800 ಎಂದಿರುತ್ತದೆ. ತಪ್ಪು ಬಿಲ್ಲಿನಲ್ಲಿ ಸಿಜಿಎಸ್‌ಟಿ ರೂ. 5,400, ಎಸ್‌ಜಿಎಸ್‌ಟಿ ರೂ. 5,400 ಎಂದಿರುತ್ತದೆ. ಎರಡರಲ್ಲೂ ಒಟ್ಟು ರೂ. 70,800.

ಅಂಗಡಿಯವರು ಅದೇ ಪೈಪನ್ನು ಊರಿನವರಿಗೆ ರೂ. 72,000ಕ್ಕೆ ಮಾರುತ್ತಾರೆ. ಲಾಭ ರೂ. 12,000. ಗಿರಾಕಿಯಿಂದ ತೆಗೆದುಕೊಂಡ ತೆರಿಗೆ ಸಿಜಿಎಸ್‌ಟಿ ರೂ. 6,480, ಎಸ್‌ಜಿಎಸ್‌ಟಿ ರೂ. 6,480, ಒಟ್ಟು ರೂ. 12,960.

ಬಿಲ್ಲು ಸರಿಯಿದ್ದರೆ ರಿಟರ್ನ್‌ನಲ್ಲಿ ಐಜಿಎಸ್‌ಟಿಯ ರೂ. 10,800 ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಐಜಿಎಸ್‌ಟಿ ಕ್ರೆಡಿಟನ್ನು ಮೊದಲು ಐಜಿಎಸ್‌ಟಿ ಬಾಕಿಗೆ, ಅದು ಇಲ್ಲದಿದ್ದರೆ ಸಿಜಿಎಸ್‌ಟಿಗೂ ಎಸ್‌ಜಿಎಸ್‌ಟಿಗೂ ನಿಮಗೆ ಬೇಕಾದ ಹಾಗೆ ಬಳಸಬಹುದು. ರೂ. 6,480 ಸಿಜಿಎಸ್‌ಟಿಗೆ, ಉಳಿದ ರೂ. 4,320 ಎಸ್‌ಜಿಎಸ್‌ಟಿಗೆ ಹಾಕಿದರೆ, ಕೈಯಿಂದ ಕಟ್ಟಬೇಕಾದ್ದು ಬರೀ ರೂ. 2,160.

ಬಿಲ್ಲು ತಪ್ಪಿದ್ದರೆ ಕ್ರೆಡಿಟ್ ಸೊನ್ನೆ. ಕೇರಳದಲ್ಲಿ ಕಟ್ಟಿದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕರ್ನಾಟಕದ ನೋಂದಣಿಗೆ ಬರುವುದಿಲ್ಲ. ಎಸ್‌ಜಿಎಸ್‌ಟಿ ಹೋಗಲಿ, ಸಿಜಿಎಸ್‌ಟಿ ಕೇಂದ್ರದ್ದೇ ತಾನೇ ಎಂದು ಕೇಳುವವರಿದ್ದಾರೆ. ಅದೂ ಸಿಗುವುದಿಲ್ಲ. ಆದ್ದರಿಂದ ಪೂರ್ತಿ ರೂ. 12,960 ಕೈಯಿಂದ ಕಟ್ಟಬೇಕು. ಹೆಚ್ಚಿಗೆ ಹೋದ ರೂ. 10,800 ಕಳೆದರೆ ರೂ. 12,000 ಲಾಭದಲ್ಲಿ ಉಳಿಯುವುದು ರೂ. 1,200. ಲಾರಿ ಬಾಡಿಗೆಗೂ ಸಾಲದು.

ಜೀಪಿನಲ್ಲಿ ನೀವೇ ಹೋಗಿ ತಂದರೆ?

ಇಂಥ ಬಿಲ್ಲು ಹೆಚ್ಚು ಹುಟ್ಟುವುದು ಇಲ್ಲೇ. ಅಂಗಡಿಯವರೇ ಇರಿಟ್ಟಿಗೋ ಕಣ್ಣೂರಿಗೋ ಹೋಗಿ, ಕೌಂಟರಿನಲ್ಲಿ ಆರಿಸಿ, ಸ್ವಂತ ಜೀಪಿಗೆ ಹೇರಿಕೊಂಡು ಬರುತ್ತಾರೆ. ಅಲ್ಲಿಯ ಕಂಪ್ಯೂಟರಿನಲ್ಲಿ ಕೌಂಟರ್ ಮಾರಾಟ ಅಂದರೆ ತಾನಾಗಿಯೇ ಕೇರಳದ ಪೂರೈಕೆ ಎಂದು ಹೊಂದಿಸಿರುತ್ತದೆ.

ಕಾನೂನಿನ ಮಾತು ಹೀಗಿದೆ: ಸರಕನ್ನು ಮಾರಿದವರು ಸಾಗಿಸಲಿ, ಕೊಂಡವರು ಸಾಗಿಸಲಿ ಅಥವಾ ಬೇರೆ ಯಾರೇ ಸಾಗಿಸಲಿ, ಸಾಗಾಟ ಕೊನೆಗೊಳ್ಳುವ ಜಾಗವೇ ಪೂರೈಕೆಯ ಸ್ಥಳ. ಕೊಂಡವರೇ ಸಾಗಿಸುವುದನ್ನೂ ಅದು ಹೆಸರಿಸಿ ಹೇಳುವುದರಿಂದ, 29ರ ನಂಬರು ಕೊಟ್ಟು ಕೊಡಗಿಗೆ ಒಯ್ಯುವ ಸರಕಿಗೆ ಐಜಿಎಸ್‌ಟಿ ಕೇಳಲು ನಿಮಗೆ ಆಧಾರವಿದೆ. ಆದರೆ ಕೌಂಟರಿನಲ್ಲಿ ಕೈಗೆ ಕೊಟ್ಟಾಗಲೇ ಡೆಲಿವರಿ ಮುಗಿಯಿತು ಎಂದು ವಾದಿಸುವ ಮಾರಾಟಗಾರರೂ ಇದ್ದಾರೆ. ಹಾಗಾಗಿ ಬಿಲ್ಲು ಹೊಡೆದ ಮೇಲೆ ಜಗಳ ಮಾಡುವುದಕ್ಕಿಂತ, ಹೊಡೆಯುವ ಮೊದಲೇ ಹೇಳಿಬಿಡಿ: "ನಮ್ಮದು ಕರ್ನಾಟಕದ ನಂಬರು, ಸರಕು ವಿರಾಜಪೇಟೆಗೆ ಹೋಗುತ್ತದೆ, ಐಜಿಎಸ್‌ಟಿ ಬಿಲ್ಲು ಬೇಕು." ಡೆಲಿವರಿ ವಿಳಾಸದಲ್ಲಿ ನಿಮ್ಮ ಅಂಗಡಿಯ ವಿಳಾಸ ಬರೆಸಿ. ಅವರು ಒಪ್ಪದಿದ್ದರೆ ಆ ತೆರಿಗೆ ನಿಮ್ಮ ಖರ್ಚು ಎಂದು ಲೆಕ್ಕ ಹಾಕಿ, ಆಮೇಲೆ ರೇಟು ಮಾತಾಡಿ. ಐಜಿಎಸ್‌ಟಿ ಬಿಲ್ಲು ಕೊಡುವ ಬೇರೆ ಅಂಗಡಿ ಸ್ವಲ್ಪ ದುಬಾರಿಯಾದರೂ ಅಗ್ಗ ಬೀಳಬಹುದು.

ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕು ರೂ. 50,000 ದಾಟಿದರೆ ಇ-ವೇ ಬಿಲ್ ಕೂಡ ಬೇಕು. ಅದರಲ್ಲಿ ತಲುಪುವ ಸ್ಥಳ ವಿರಾಜಪೇಟೆ, ತೆರಿಗೆ ಬಿಲ್ಲಿನಲ್ಲಿ ಪೂರೈಕೆ ಕೇರಳ ಎಂದಿದ್ದರೆ ಎರಡೂ ಕಾಗದ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಸರಕು ಒಂದು ಕಡೆ, ಬಿಲ್ಲು ಇನ್ನೊಂದು ಕಡೆ

ಗೋಣಿಕೊಪ್ಪಲಿನ ವ್ಯಾಪಾರಿ ಮೈಸೂರಿನವರಿಂದ ಮೋಟಾರು ಪಂಪ್ ಕೊಂಡು, "ಇಲ್ಲಿಗೆ ಬೇಡ, ನೇರ ಮಾನಂದವಾಡಿಯ ನಮ್ಮ ಗಿರಾಕಿಗೆ ಕಳಿಸಿ" ಎನ್ನುತ್ತಾರೆ. ಪಂಪ್ ಮುಟ್ಟಿದ್ದು ಕೇರಳವನ್ನು. ಹಾಗಾದರೆ ಮೈಸೂರಿನವರು ಐಜಿಎಸ್‌ಟಿ ಹಾಕಬೇಕಾ? ಇಲ್ಲ. ಹೀಗೆ ಮೂರನೆಯವರ ಸೂಚನೆಯಂತೆ ಕಳಿಸಿದಾಗ, ಸೂಚನೆ ಕೊಟ್ಟವರ ವ್ಯಾಪಾರದ ಮುಖ್ಯ ಸ್ಥಳವೇ ಪೂರೈಕೆಯ ಸ್ಥಳ. ಮೈಸೂರಿನವರು ಗೋಣಿಕೊಪ್ಪಲಿನವರಿಗೆ ಕೊಡುವ ಬಿಲ್ಲು 29ರಿಂದ 29ಕ್ಕೆ, ಅಂದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಗೋಣಿಕೊಪ್ಪಲಿನವರು ಮಾನಂದವಾಡಿಯವರಿಗೆ ಕೊಡುವ ಬಿಲ್ಲು 29ರಿಂದ 32ಕ್ಕೆ, ಅಂದರೆ ಐಜಿಎಸ್‌ಟಿ. ಪಂಪ್ ಒಂದೇ, ಬಿಲ್ಲು ಎರಡು, ತೆರಿಗೆಯ ಕಾಲಂ ಬೇರೆ ಬೇರೆ.

ಪ್ರವಾಸಿಗರಿಗೆ ಮಸಾಲೆ, ಜೇನು ಮಾರುವವರಿಗೆ

ಜಿಎಸ್‌ಟಿ ನಂಬರಿಲ್ಲದ ಗಿರಾಕಿಗೆ ನಿಯಮ ಬೇರೆ. 2023ರ ಅಕ್ಟೋಬರ್ 1ರಿಂದ, ಬಿಲ್ಲಿನಲ್ಲಿ ಬರೆದ ಗಿರಾಕಿಯ ವಿಳಾಸವೇ ಪೂರೈಕೆಯ ಸ್ಥಳ. ವಿಳಾಸವೇ ಬರೆದಿಲ್ಲ ಎಂದಾದರೆ ಅಂಗಡಿ ಇರುವ ಜಾಗ. ಮಡಿಕೇರಿಗೆ ಬಂದ ತಲಶ್ಶೇರಿಯವರು ರೂ. 800ರ ಕಾಫಿ ಪುಡಿ ಒಯ್ದರೆ, ವಿಳಾಸವಿಲ್ಲದ ಬಿಲ್ಲಿಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಬಿಲ್ಲಿನಲ್ಲಿ ಕೇರಳ ಎಂದು ರಾಜ್ಯದ ಹೆಸರಷ್ಟೇ ಬರೆದರೂ ವಿಳಾಸ ಬರೆದಂತೆಯೇ ಲೆಕ್ಕ, ಆಗ ಐಜಿಎಸ್‌ಟಿ. ಕೌಂಟರಿನ ಹುಡುಗ ಗಿರಾಕಿಯ ಊರು ಟೈಪ್ ಮಾಡಿ, ತೆರಿಗೆ ಮಾತ್ರ ಎರಡು ಪಾಲು ಮಾಡಿದರೆ ಬಿಲ್ಲು ತಪ್ಪಾಯಿತು. ರೂ. 50,000 ಮತ್ತು ಅದಕ್ಕೆ ಮೇಲ್ಪಟ್ಟ ಬಿಲ್ಲಿಗೆ ಹೆಸರು, ವಿಳಾಸ ಬರೆಯಲೇಬೇಕು.

ಪಾರ್ಸೆಲ್ ಕಳಿಸುವಾಗ ಡೆಲಿವರಿ ವಿಳಾಸ ಹಿಡಿಯಿರಿ. ಬೆಂಗಳೂರಿನವರು ಹಣ ಕೊಟ್ಟು ಚೆನ್ನೈನ ನೆಂಟರಿಗೆ ಜೇನು ಕಳಿಸಲು ಹೇಳಿದರೆ, ಪೂರೈಕೆಯ ಸ್ಥಳ ತಮಿಳುನಾಡು.

ಇನ್ನೊಂದು ಮಾತು. ವಹಿವಾಟು ವರ್ಷಕ್ಕೆ ರೂ. 40 ಲಕ್ಷದ ಒಳಗಿದೆ, ನೋಂದಣಿ ಬೇಡ ಎಂದು ಕೂತವರು ಹೊರರಾಜ್ಯಕ್ಕೆ ತೆರಿಗೆಯ ಸರಕು ಪಾರ್ಸೆಲ್ ಶುರು ಮಾಡಿದರೆ ಆ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಅಂತರರಾಜ್ಯ ಸರಕು ಮಾರಾಟಕ್ಕೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕು.

ಹೋಂಸ್ಟೇಗೆ ಐಜಿಎಸ್‌ಟಿ ಇಲ್ಲ

ಚೆನ್ನೈನ ಕಂಪನಿಯವರು ಬಂದು ಎರಡು ದಿನ ಉಳಿದು, 33ರ ನಂಬರು ಕೊಟ್ಟು ಐಜಿಎಸ್‌ಟಿ ಬಿಲ್ಲು ಕೇಳುತ್ತಾರೆ. ಕೊಡುವಂತಿಲ್ಲ. ಹೋಟೆಲ್, ಗೆಸ್ಟ್ ಹೌಸ್, ಹೋಂಸ್ಟೇ ವಾಸ್ತವ್ಯಕ್ಕೆ ಕಟ್ಟಡ ಎಲ್ಲಿದೆಯೋ ಅದೇ ಪೂರೈಕೆಯ ಸ್ಥಳ. ಕಟ್ಟಡ ಕೊಡಗಿನಲ್ಲಿದೆ, ಹಾಗಾಗಿ ಅತಿಥಿ ಎಲ್ಲಿಯವರೇ ಆಗಲಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಕಂಪನಿಗೆ ಕ್ರೆಡಿಟ್ ಸಿಗುವುದಿಲ್ಲ ನಿಜ, ಆದರೆ ಅದು ನಿಮ್ಮ ತಪ್ಪಲ್ಲ. ಇದೇ ಕಾರಣಕ್ಕೆ ನೀವು ಖರೀದಿಗೆಂದು ಕೊಚ್ಚಿಗೆ ಹೋಗಿ ಉಳಿದ ಹೋಟೆಲ್ ಬಿಲ್ಲಿನ ಕೇರಳ ತೆರಿಗೆ ನಿಮಗೂ ಬರುವುದಿಲ್ಲ. ಆ ಬಿಲ್ಲು ತಪ್ಪಲ್ಲ, ತಿದ್ದಿಸಲು ಹೋಗಬೇಡಿ.

ತಪ್ಪು ಗೊತ್ತಾಗುವುದು ಹೇಗೆ, ಯಾವಾಗ?

ಪ್ರತಿ ತಿಂಗಳು 14ರಂದು ಪೋರ್ಟಲ್‌ನಲ್ಲಿ ನಿಮ್ಮ GSTR-2B ಸಿದ್ಧವಾಗುತ್ತದೆ. ನಿಮಗೆ ಮಾರಿದವರು ಹಾಕಿದ ಬಿಲ್ಲುಗಳ ಪಟ್ಟಿ ಅದು. ಹೆಚ್ಚಿನವರು ಕ್ರೆಡಿಟ್ ಸಿಗುವ ಭಾಗ ಮಾತ್ರ ನೋಡುತ್ತಾರೆ. ಕ್ರೆಡಿಟ್ ಸಿಗದ ಭಾಗವನ್ನೂ ತೆರೆಯಿರಿ. ಮಾರಿದವರ ರಾಜ್ಯ ಮತ್ತು ಪೂರೈಕೆಯ ರಾಜ್ಯ ಒಂದೇ ಆಗಿ, ಕೊಂಡವರ ರಾಜ್ಯ ಮಾತ್ರ ಬೇರೆಯಿದ್ದ ಬಿಲ್ಲುಗಳು ಅಲ್ಲಿ, ಅದೇ ಕಾರಣದೊಂದಿಗೆ ಬಂದು ಕೂತಿರುತ್ತವೆ. ಹೋಟೆಲ್ ಬಿಲ್ಲು ಅಲ್ಲಿದ್ದರೆ ಸರಿ. ಪೈಪಿನ ಬಿಲ್ಲು ಅಲ್ಲಿದ್ದರೆ ಫೋನ್ ಎತ್ತಿ.

ತಿಂಗಳ ರಿಟರ್ನ್ GSTR-3B ಹಾಕುವ ಕೊನೆಯ ದಿನ 20 ಆದ್ದರಿಂದ ನಡುವೆ ಆರು ದಿನ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ಬಿಲ್ಲು ಬಂದ ದಿನವೇ ನೋಡುವುದು. ಮಾರಿದವರು ತಮ್ಮ GSTR-1 ಹಾಕುವುದು ಸಾಮಾನ್ಯವಾಗಿ ಮುಂದಿನ ತಿಂಗಳ 11ಕ್ಕೆ. ಅಷ್ಟರೊಳಗೆ ಹೇಳಿದರೆ ತಿದ್ದುವುದು ಅವರಿಗೂ ಸುಲಭ.

ತಿದ್ದಿಸುವ ದಾರಿ

ಬಿಲ್ಲಿನ ಮೇಲೆ ಪೆನ್ನಿನಿಂದ ತಿದ್ದಿ ಸೀಲು ಹಾಕಿಸಿಕೊಂಡರೆ ಉಪಯೋಗವಿಲ್ಲ, ಪೋರ್ಟಲ್‌ನಲ್ಲಿ ಬದಲಾಗಬೇಕು. ನೀವೇ ನಿಮ್ಮ ರಿಟರ್ನ್‌ನಲ್ಲಿ ಅದನ್ನು ಐಜಿಎಸ್‌ಟಿ ಎಂದು ತೋರಿಸಿ ಕ್ರೆಡಿಟ್ ತೆಗೆದುಕೊಳ್ಳುವುದೂ ಆಗದು. 2B ಜೊತೆ ತಾಳೆಯಾಗದೆ ನೋಟಿಸ್ ಬರುತ್ತದೆ, ಬಡ್ಡಿ ಸಹಿತ ವಾಪಸ್ ಕಟ್ಟಬೇಕಾಗುತ್ತದೆ.

ಮಾರಿದವರು ಇನ್ನೂ GSTR-1 ಹಾಕಿಲ್ಲದಿದ್ದರೆ ಸರಿಯಾದ ಬಿಲ್ಲನ್ನೇ ಹಾಕಬಹುದು. ಹಾಕಿಯಾಗಿದ್ದರೆ, ಮುಂದಿನ ತಿಂಗಳ GSTR-1ರ ತಿದ್ದುಪಡಿ ಭಾಗದಲ್ಲಿ ಬಿಲ್ಲನ್ನು ಸರಿಪಡಿಸಬಹುದು. ಇಲ್ಲವೇ ಹಳೆಯ ಬಿಲ್ಲಿಗೆ ಪೂರ್ತಿ ಕ್ರೆಡಿಟ್ ನೋಟ್ ಕೊಟ್ಟು ಐಜಿಎಸ್‌ಟಿಯ ಹೊಸ ಬಿಲ್ಲು ಕೊಡುವ ಪದ್ಧತಿಯೂ ಇದೆ. ಯಾವುದೆಂದು ಅವರ ಅಕೌಂಟೆಂಟ್ ತೀರ್ಮಾನಿಸಲಿ, ನಿಮಗೆ ಬೇಕಾದ್ದು ನಿಮ್ಮ 2Bಯಲ್ಲಿ ಐಜಿಎಸ್‌ಟಿ ಕಾಣುವುದು.

ಇದಕ್ಕೆ ಗಡುವಿದೆ. 2025-26ನೇ ಸಾಲಿನ ಬಿಲ್ಲುಗಳಿಗೆ 2026ರ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದು. ಆಮೇಲೆ ಮಾರಿದವರು ತಿದ್ದಲಾರರು, ನೀವು ಕ್ರೆಡಿಟ್ ತೆಗೆದುಕೊಳ್ಳಲಾರಿರಿ. ಬಾಕಿ ಹಣ ಕೊಡುವುದಿದ್ದರೆ ತೆರಿಗೆಯ ಮೊತ್ತವನ್ನು ಬಿಲ್ಲು ಸರಿಯಾಗುವವರೆಗೆ ತಡೆಹಿಡಿಯುತ್ತೇವೆ ಎಂದು ಮೊದಲೇ ಮಾತಾಡಿಕೊಳ್ಳಿ. ಪೂರ್ತಿ ಹಣ ಕೊಟ್ಟ ಮೇಲೆ ಫೋನ್ ಎತ್ತುವವರು ಕಡಿಮೆ.

ತಪ್ಪು ನಿಮ್ಮ ಕಡೆಯಿಂದ ಆಗಿದ್ದರೆ

ಗೋಣಿಕೊಪ್ಪಲಿನ ವ್ಯಾಪಾರಿ ಮಾನಂದವಾಡಿಯ ವ್ಯಾಪಾರಿಗೆ ರೂ. 2,00,000ದ ಒಣ ಕರಿಮೆಣಸು ಕಳಿಸಿ, ಶೇ 5ರಂತೆ ಸಿಜಿಎಸ್‌ಟಿ ರೂ. 5,000, ಎಸ್‌ಜಿಎಸ್‌ಟಿ ರೂ. 5,000 ಹಾಕಿ ಕಟ್ಟಿಯೂ ಬಿಟ್ಟರು ಎನ್ನಿ. ಕಟ್ಟಬೇಕಿದ್ದದ್ದು ಐಜಿಎಸ್‌ಟಿ ರೂ. 10,000. ಬಿಲ್ಲು ತಿದ್ದುವ ಗಡುವು ದಾಟಿ ಇಲಾಖೆ ಇದನ್ನು ಹಿಡಿದರೆ, ಆ ಎರಡು ಐದು ಸಾವಿರವನ್ನು ಐಜಿಎಸ್‌ಟಿಗೆ ವಜಾ ಮಾಡಿಕೊಳ್ಳಿ ಎನ್ನಲು ಬರುವುದಿಲ್ಲ. ಮೊದಲು ರೂ. 10,000 ಐಜಿಎಸ್‌ಟಿ ಕಟ್ಟಬೇಕು, ನಂತರ ತಪ್ಪಾಗಿ ಕಟ್ಟಿದ್ದನ್ನು ಫಾರ್ಮ್ RFD-01ರಲ್ಲಿ ವಾಪಸ್ ಕೇಳಬೇಕು. ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷ ಅವಕಾಶ. ಹೀಗೆ ಕಾಲಂ ಅದಲುಬದಲಾದ ತೆರಿಗೆಗೆ ಬಡ್ಡಿ ಇಲ್ಲ ಎಂಬುದು ಸಮಾಧಾನ. ಆದರೆ ರೀಫಂಡ್ ಬರುವವರೆಗೆ ಹಣ ಎರಡು ಕಡೆ ಸಿಕ್ಕಿಕೊಂಡಿರುತ್ತದೆ.

ಇಂಥ ತಪ್ಪಿನ ಮೂಲ ಹೆಚ್ಚಾಗಿ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಪಾರ್ಟಿಯ ಹೆಸರು ಸೇರಿಸುವಾಗ ರಾಜ್ಯದ ಜಾಗದಲ್ಲಿ ಕರ್ನಾಟಕ ಎಂದೇ ಬಿಟ್ಟಿರುವುದು. ಒಮ್ಮೆ ತಪ್ಪಿದರೆ ಆ ಪಾರ್ಟಿಯ ಎಲ್ಲ ಬಿಲ್ಲೂ ತಪ್ಪು. ಹೊಸ ಪಾರ್ಟಿ ಸೇರಿಸಿದಾಗ ನಂಬರಿನ ಮೊದಲೆರಡು ಅಂಕೆ ಮತ್ತು ರಾಜ್ಯದ ಹೆಸರು ತಾಳೆ ನೋಡಿದರೆ ಸಾಕು.

ಬಿಲ್ಲು ಕೈಗೆ ಬಂದಾಗ ಹೀಗೆ ನೋಡಿ

1. ಮಾರಿದವರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕೆ.
2. ನಿಮ್ಮ ಜಿಎಸ್‌ಟಿ ನಂಬರು ಪೂರ್ತಿ ಸರಿಯಿದೆಯಾ, 29ರಿಂದ ಶುರುವಾಗಿದೆಯಾ.
3. `Place of Supply` ಮುಂದೆ ಯಾವ ರಾಜ್ಯ ಇದೆ. ನಿಮ್ಮ ಅಂಗಡಿಗೆ ಬಂದ ಸರಕಾದರೆ ಕರ್ನಾಟಕ ಇರಬೇಕು.
4. ಒಂದನೆಯದೂ ಮೂರನೆಯದೂ ಒಂದೇ ರಾಜ್ಯವಾದರೆ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಸಮಪಾಲು, ಬೇರೆಯಾದರೆ ಐಜಿಎಸ್‌ಟಿ ಮಾತ್ರ.
5. 14ರ ನಂತರ 2Bಯಲ್ಲಿ ಆ ಬಿಲ್ಲು ಕ್ರೆಡಿಟ್ ಸಿಗುವ ಭಾಗದಲ್ಲಿ ಬಂದಿದೆಯಾ.

ಕಾಂಪೊಸಿಷನ್‌ನಲ್ಲಿ ಇರುವವರಿಗೆ ಹೇಗೂ ಕ್ರೆಡಿಟ್ ಇಲ್ಲ, ಆದ್ದರಿಂದ ಖರೀದಿ ಬಿಲ್ಲಿನ ಕಾಲಂ ತಪ್ಪಾದರೆ ಅವರ ಜೇಬಿಗೆ ನೇರ ಪೆಟ್ಟು ಬೀಳುವುದಿಲ್ಲ. ರೆಗ್ಯುಲರ್ ನೋಂದಣಿಯವರು ಮಾತ್ರ ಬಿಲ್ಲನ್ನು ಫೈಲಿಗೆ ಹಾಕುವ ಮೊದಲು ಈ ಐದನ್ನು ನೋಡಿಯೇ ಹಾಕಿ.